ಹನ್ನೊಂದು ಕಡ್ಡಾಯ ಖಾನೆಗಳು

ಬೆಳ್ತಂಗಡಿಯಿಂದ ಆ ಫೋನ್ ಬಂದಾಗ ನಾನು ಚೀಲ ಕೂಡ ಕೆಳಗಿಟ್ಟಿರಲಿಲ್ಲ. ಮೂಡುಬಿದಿರೆ ಹತ್ತಿರದ ಪುತ್ತಿಗೆಯಿಂದ ಹೊರಟು, ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ನಿಂತೇ ಬಂದು, ಬಿ.ಸಿ.ರೋಡಿನಲ್ಲಿ ಇಳಿದು, ಬಟ್ಟೆ ಅಂಗಡಿಯ ಮೇಲಿನ ನಮ್ಮ ಆಫೀಸಿನ ಮೆಟ್ಟಿಲು ಹತ್ತಿದ್ದೆ ಅಷ್ಟೇ. ಎರಡು ಸಾವಿರದ ಇಸವಿ ಕಳೆದು ನಾಲ್ಕಾರು ವರ್ಷಗಳಾಗಿದ್ದವು. ಸಣ್ಣ ಆಸ್ಪತ್ರೆಗಳ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ವರದಿ ಪ್ರಿಂಟ್ ಮಾಡುವ ಸಾಫ್ಟ್‌ವೇರ್ ನಮ್ಮದು. ಇರುವ ನಾಲ್ಕೈದು ಜನರಲ್ಲಿ ಗುಣಮಟ್ಟಕ್ಕೆ ನಾನು ಜವಾಬ್ದಾರಿ. ಅಂದರೆ ಏನು ಕೆಟ್ಟರೂ ಮೊದಲ ಬೈಗುಳ ನನಗೆ.

"ಮೇಡಂ, ಆ ಮಗುವಿನ ಪ್ರಾಯದ ವಿಷಯ ಕ್ಲೋಸ್ ಆಗಿದೆ ಅಂತ ನಿಮ್ಮ ಮೇಲ್ ಬಂದಿದೆ," ಎಂದರು ಲ್ಯಾಬಿನ ಟೆಕ್ನಿಷಿಯನ್. ಅವರು ಎಂದೂ ಸ್ವರ ಏರಿಸುವವರಲ್ಲ. "ಎಂತ ಕ್ಲೋಸ್ ಆದದ್ದು? ನೀವು ಬಸ್ಸಿನಲ್ಲಿ ಕಳಿಸಿದ ಹೊಸ ಸಿಡಿ ಹಾಕಿಯೇ ನೋಡಿದ್ದು. ಇವತ್ತು ಸಹ ಎಂಟು ತಿಂಗಳ ಮಗುವಿಗೆ ಎಂಟು ವರ್ಷ ಅಂತಲೇ ಬಂತು."

ನನ್ನ ಮಂಡೆ ಬಿಸಿಯಾಯಿತು. ಎಂಟು ತಿಂಗಳ ಮಗುವಿಗೂ ಎಂಟು ವರ್ಷದ ಮಗುವಿಗೂ ರಕ್ತದಲ್ಲಿ ಇರಬೇಕಾದ ಅಂಶಗಳ ಮಿತಿ ಬೇರೆ ಬೇರೆ. ನಮ್ಮ ಸಾಫ್ಟ್‌ವೇರ್ ತಿಂಗಳನ್ನು ವರ್ಷವೆಂದು ಓದಿ, ಸರಿಯಾಗಿಯೇ ಇದ್ದ ಹಿಮೋಗ್ಲೋಬಿನ್ನಿನ ಮುಂದೆ 'ಕಡಿಮೆ' ಎಂಬ ಗುರುತು ಹಾಕುತ್ತಿತ್ತು. ಆ ಟೆಕ್ನಿಷಿಯನ್ ಪ್ರತಿಸಲ ಅದನ್ನು ಪೆನ್ನಿನಿಂದ ಹೊಡೆದು, ಪಕ್ಕದಲ್ಲಿ ಸರಿ ಬರೆದು, ಸಹಿ ಹಾಕಿ ಡಾಕ್ಟರಿಗೆ ಕೊಡುತ್ತಿದ್ದರು.

"ನಾನು ಇರುವ ದಿನ ತೊಂದರೆ ಇಲ್ಲ ಮೇಡಂ," ಎಂದರು. "ನಾನು ರಜೆ ಮಾಡಿದ ದಿನ ಎಂತ ಮಾಡುವುದು?"

ನಾನು ಕ್ಷಮೆ ಕೇಳಿ ಫೋನ್ ಇಟ್ಟೆ. ಇಟ್ಟ ರಭಸಕ್ಕೆ ಎದುರಿನ ಮೇಜಿನ ಪ್ರೋಗ್ರಾಮರ್ ತಲೆ ಎತ್ತಿ ನೋಡಿದ. ಮೂಡುಬಿದಿರೆಯವನೇ, ನನ್ನ ವಾರಗೆಯವನು, ನಾಲಿಗೆ ಸ್ವಲ್ಪ ಉದ್ದ.

"ಎಂತ ಮಾರಾಯ್ತಿ, ಫೋನು ಎಂತ ಮಾಡಿತು ನಿನಗೆ?" ಎಂದ.

ಕಂಪ್ಯೂಟರ್ ತೆರೆದು ಆ ಇಶ್ಯೂವನ್ನು ಹುಡುಕಿದೆ. ಗ್ರಾಹಕರ ಪ್ರತಿಯೊಂದು ದೂರನ್ನೂ ನಾವು ಇಶ್ಯೂ ಎಂದು ಸರ್ವರಿನಲ್ಲಿ ಬರೆದಿಡುತ್ತಿದ್ದೆವು. ಮೊದಲು ಅದು ಓಪನ್. ಪ್ರೋಗ್ರಾಮರ್ ತಿದ್ದಿದ ಮೇಲೆ ರಿಸಾಲ್ವ್ಡ್. ಪರೀಕ್ಷೆ ಮಾಡುವವಳು ನೋಡಿ ಒಪ್ಪಿದರೆ ವೆರಿಫೈಡ್. ಕೊನೆಗೆ ನಾನು ಕ್ಲೋಸ್ ಮಾಡಬೇಕು. ಒಂದು ಸ್ಟೇಟಸಿನಿಂದ ಇನ್ನೊಂದಕ್ಕೆ ದಾಟುವಲ್ಲೆಲ್ಲ ಒಂದೊಂದು ಫಾರ್ಮು. ಫಾರ್ಮಿನಲ್ಲಿ ಕೆಂಪು ನಕ್ಷತ್ರ ಇರುವ ಖಾನೆ ಖಾಲಿ ಬಿಟ್ಟರೆ ಅದು ಮುಂದೆ ಬಿಡುವುದಿಲ್ಲ. ಆ ನಕ್ಷತ್ರಗಳನ್ನೆಲ್ಲ ಹಾಕಿದವಳು ನಾನೇ.

ಅದರ ಕತೆ ಹೇಳಲೇಬೇಕು, ಇಲ್ಲದಿದ್ದರೆ ನಾನು ಹುಟ್ಟಿನಿಂದಲೇ ಹೀಗೆ ಎಂದುಕೊಂಡೀರಿ. ಮೊದಲು ಯಾವ ಖಾನೆಯೂ ಕಡ್ಡಾಯ ಇರಲಿಲ್ಲ. ಮೂಡುಬಿದಿರೆಯ ಒಬ್ಬ ಗ್ರಾಹಕರ ಇಶ್ಯೂ ಕ್ಲೋಸ್ ಆಗಿತ್ತು. ತಿದ್ದಿ ಕ್ಲೋಸ್ ಮಾಡಿದ್ದೋ, ಆಗುವುದಿಲ್ಲ ಎಂದು ಕ್ಲೋಸ್ ಮಾಡಿದ್ದೋ ಯಾರಿಗೂ ಗೊತ್ತಿಲ್ಲ. ಗ್ರಾಹಕರು ಸರಿಯಾಗಿದೆ ಎಂದೇ ತಿಳಿದು ಒಂದು ತಿಂಗಳು ತಪ್ಪು ವರದಿ ಪ್ರಿಂಟ್ ಮಾಡಿದರು. ಅವರು ನನ್ನನ್ನು ಎದುರು ನಿಲ್ಲಿಸಿ ಕೇಳಿದಾಗ ನನಗೆ ನೆಲ ಬಿರಿಯಬಾರದೇ ಎನಿಸಿತ್ತು. ಹಿಂದಿರುಗಿದವಳೇ ಎರಡು ಖಾನೆ ಕಡ್ಡಾಯ ಮಾಡಿದೆ. ಒಂದು ರೆಸೊಲ್ಯೂಶನ್, ಅಂದರೆ ಈ ಇಶ್ಯೂ ಹೇಗೆ ಮುಗಿಯಿತು ಎಂಬುದು: ತಿದ್ದಿದೆವೋ, ನಮಗೆ ಕಾಣಲೇ ಇಲ್ಲವೋ, ಮೊದಲೇ ಬಂದ ದೂರೋ, ಮಾಡುವುದಿಲ್ಲವೋ. ಇನ್ನೊಂದು ಪರೀಕ್ಷೆಯ ಸಾಕ್ಷಿ, ಅಂದರೆ ಸರಿಯಾದ ಮೇಲೆ ತೆಗೆದ ಪರದೆಯ ಚಿತ್ರ.

ಆ ಎರಡೇ ಖಾನೆ ಎಂಥ ಚಂದ ಕೆಲಸ ಮಾಡಿದವು! ಗ್ರಾಹಕರ ಫೋನು ಕಡಿಮೆಯಾಯಿತು. ನಮ್ಮ ಯಜಮಾನರು, ಗಲ್ಫಿನ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಂಡಿದ್ದು ಊರಿಗೆ ಮರಳಿದ ಬ್ಯಾರಿ ಸಾಹೇಬರು, "ಮೇಡಂ, ಅಲ್ಲಿ ಸಹ ಇಷ್ಟು ನೀಟಾಗಿ ಇರ್ಲಿಲ್ಲ," ಎಂದು ಹೊಗಳಿದರು. ಹೊಗಳಿಕೆ ನನ್ನ ತಲೆಗೆ ಏರಿತು. ಒಪ್ಪಿಕೊಳ್ಳುತ್ತೇನೆ.

ಆಮೇಲೆ ಏನೊಂದು ಎಡವಟ್ಟಾದರೂ ನನ್ನ ಉತ್ತರ ಒಂದೇ, ಇನ್ನೊಂದು ನಕ್ಷತ್ರ. ಯಾರೋ ಹಳೆಯ ಸಿಡಿ ಕಳಿಸಿದರು, ಆವೃತ್ತಿಯ ಸಂಖ್ಯೆ ಕಡ್ಡಾಯವಾಯಿತು. ಒಂದು ಕಡೆ ತಿದ್ದಿದ್ದಕ್ಕೆ ಇನ್ನೊಂದು ಕಡೆ ಕೆಟ್ಟಿತು, ಬೇರೆ ಎಲ್ಲಿ ನೋಡಿದ್ದೀರಿ ಎಂಬ ಖಾನೆ ಬಂತು. ಒಬ್ಬರ ಪ್ರಿಂಟರಿನಲ್ಲಿ ಅಕ್ಷರ ಕತ್ತರಿಸಿ ಹೋಯಿತು, ಎಲ್ಲರೂ ಪ್ರಿಂಟರಿನ ಜಾತಕ ಬರೆಯಬೇಕಾಯಿತು. ಕಾರಣ, ಹಿಡಿದ ಸಮಯ, ಬದಲಾಯಿಸಿದ ಫೈಲು, ಗ್ರಾಹಕರ ವಿಂಡೋಸ್, ಇನ್ನೊಬ್ಬರು ನೋಡಿದ್ದಾರೆಯೇ, ಗ್ರಾಹಕರು ಒಪ್ಪಿದ್ದಾರೆಯೇ. ವರ್ಷ ಕಳೆಯುವಷ್ಟರಲ್ಲಿ ಹನ್ನೊಂದು. ಸರಿಯಾಗದ್ದನ್ನು ಹಿಂದಕ್ಕೆ ಕಳಿಸಬೇಕಾದರೆ ಅದಕ್ಕೆ ಬೇರೆಯೇ ಕಾಟ: ಪ್ರೋಗ್ರಾಮರನ ಒಪ್ಪಿಗೆ ಬೇಕು, ನನ್ನ ಸಹಿ ಬೇಕು. ಪ್ರೋಗ್ರಾಮರ್ ಮತ್ತು ಪರೀಕ್ಷೆ ಮಾಡುವವಳು ಒಂದೇ ಇಶ್ಯೂವನ್ನು ಚೆಂಡಿನ ಹಾಗೆ ಆಚೆ ಈಚೆ ಎಸೆಯುತ್ತಿದ್ದರು ಎಂದು ಸಿಟ್ಟಿನಿಂದ ಮಾಡಿದ ಕಾನೂನು ಅದು. ಏಳು ದಿನಕ್ಕಿಂತ ಹೆಚ್ಚು ಒಂದೇ ಕಡೆ ಕುಳಿತ ಇಶ್ಯೂಗಳ ಪಟ್ಟಿಯನ್ನು ಕೆಂಪು ಶಾಯಿಯಲ್ಲಿ ಪ್ರಿಂಟ್ ಮಾಡಿ ಗೋಡೆಗೆ ಅಂಟಿಸುತ್ತಿದ್ದೆ.

"ಒಂದು ಕಾಗುಣಿತ ತಿದ್ದಲಿಕ್ಕೆ ಎರಡು ನಿಮಿಷ, ಅದಕ್ಕೆ ಫಾರ್ಮ್ ತುಂಬಿಸ್ಲಿಕ್ಕೆ ಇಪ್ಪತ್ತು ನಿಮಿಷ," ಎಂದು ಪ್ರೋಗ್ರಾಮರ್ ಗೊಣಗಿದ್ದ. "ಪಾಸ್‌ಪೋರ್ಟಿಗೆ ಸಹ ಇಷ್ಟು ಕೇಳುವುದಿಲ್ಲ ಮಾರಾಯ್ತಿ."

"ಶಿಸ್ತು ಅಂದರೆ ನಿನಗೆ ಯಾವಾಗ ಹಿಡಿಸಿದೆ?" ಎಂದು ಅವನ ಬಾಯಿ ಮುಚ್ಚಿಸಿದ್ದೆ.

ಒಂದು ಸಂಶಯ ನನಗೆ ಆಗಲೇ ಬರಬೇಕಿತ್ತು. 'ಕಾರಣ' ಎಂಬ ಖಾನೆಯಲ್ಲಿ ಪಟ್ಟಿಯಿಂದ ಒಂದನ್ನು ಆರಿಸಬೇಕು. ಪಟ್ಟಿಯ ಮೊದಲನೆಯದು 'ಗ್ರಾಹಕರ ತಪ್ಪು ಬಳಕೆ'. ತಿಂಗಳ ಕೊನೆಗೆ ಲೆಕ್ಕ ತೆಗೆದರೆ ಹೆಚ್ಚುಕಡಿಮೆ ಎಲ್ಲ ತೊಂದರೆಗೂ ಗ್ರಾಹಕರೇ ಕಾರಣ! ಸಾಹೇಬರು ಅದನ್ನು ನಂಬಿ, "ಇವರಿಗೆ ಟ್ರೈನಿಂಗ್ ಸಾಕಾಗ್ಲಿಲ್ಲ," ಎಂದು ಊರೂರಿಗೆ ತರಬೇತಿಯನ್ನೇ ಇಟ್ಟುಕೊಂಡರು. ಅವಸರದಲ್ಲಿ ಇರುವವರ ಕೈ ಪಟ್ಟಿಯ ಮೊದಲನೆಯದಕ್ಕೆ ಹೋಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ಸರಿ, ಬೆಳ್ತಂಗಡಿಯ ಮಗುವಿನ ಇಶ್ಯೂ ತೆರೆದೆ ಎಂದೆನಲ್ಲ. ಹನ್ನೊಂದು ಖಾನೆಯೂ ತುಂಬಿತ್ತು. ಸಾಕ್ಷಿಯ ಚಿತ್ರವೂ ಇತ್ತು. ಚಿತ್ರ ತೆರೆದರೆ ಅದರಲ್ಲಿ ಮಗುವೇ ಇಲ್ಲ. ಮೂವತ್ತೈದು ವರ್ಷದ ಗಂಡಸಿನ ವರದಿ, ಪರದೆಯ ಮೂಲೆಯ ಗಡಿಯಾರದಲ್ಲಿ ಹನ್ನೊಂದು ನಲವತ್ತೆರಡು. ಇದೇನಪ್ಪ ಎಂದು ಹಿಂದಿನ ಇಶ್ಯೂ ತೆರೆದೆ. ಅಲ್ಲಿಯೂ ಅದೇ ಗಂಡಸು, ಅದೇ ಹನ್ನೊಂದು ನಲವತ್ತೆರಡು. ಅದರ ಹಿಂದಿನದು, ಅದರ ಹಿಂದಿನದು. ಎಲ್ಲ ತೊಂದರೆಗಳೂ ಒಂದೇ ನಿಮಿಷದಲ್ಲಿ ಸರಿಯಾಗಿದ್ದವು.

ಪರೀಕ್ಷೆ ಮಾಡುವವಳು ಮುಂಡಾಜೆಯ ಹುಡುಗಿ. ಚಾರ್ಮಾಡಿ ದಾರಿಯ ಆ ಊರಿನಿಂದ ದಿನಾ ಒಂದೂವರೆ ಗಂಟೆಗೂ ಹೆಚ್ಚು ಬಸ್ಸಿನಲ್ಲಿ ಬರುವವಳು, ಮಾತು ಕಡಿಮೆ, ಕೆಲಸಕ್ಕೆ ಸೇರಿ ಆರು ತಿಂಗಳಾಗುತ್ತಿತ್ತು. ಮುಂದಿನ ವಾರ ಅವಳ ಕೆಲಸ ಖಾಯಂ ಆಗಬೇಕು. ಧರ್ಮಸ್ಥಳದ ಲಾಡ್ಜೊಂದರಲ್ಲಿ ರಿಸೆಪ್ಷನ್ನಿಗೆ ಕೂರಿಸುತ್ತೇನೆ ಎಂದು ಹಟ ಹಿಡಿದ ಮಾವನ ಹತ್ತಿರ ಜಗಳ ಮಾಡಿ, ಇದನ್ನೇ ಮಾಡುತ್ತೇನೆ ಎಂದು ಬಂದವಳು. ಅದನ್ನು ಅವಳೇ ಒಮ್ಮೆ ಊಟದ ಹೊತ್ತಿಗೆ ಹೇಳಿದ್ದಳು.

ಅವಳನ್ನು ಕರೆದು ಪರದೆ ತೋರಿಸಿದೆ.

"ಇದು ಎಂತ?"

ಅವಳು ನೋಡಿದಳು. ಮುಖ ಬಿಳುಚಿತು. "ಹಳೆಯ ಚಿತ್ರ ಮೇಡಂ."

"ಹಳೆಯ ಚಿತ್ರ ಅಂತ ನನಗೂ ಗೊತ್ತುಂಟು. ಎಷ್ಟಕ್ಕೆ ಹಾಕಿದ್ದೀ?"

"ಲೆಕ್ಕ ಇಟ್ಟಿಲ್ಲ."

ಅವಳು ಅತ್ತಿದ್ದರೆ, ನೆಪ ಹೇಳಿದ್ದರೆ ನನ್ನ ಸಿಟ್ಟು ಇಳಿಯುತ್ತಿತ್ತೋ ಏನೋ. ಹಾಗೆ ನಿಂತೇ ಇದ್ದದ್ದು ನನ್ನನ್ನು ಇನ್ನಷ್ಟು ಕೆರಳಿಸಿತು. ಸುಳ್ಳುಗಾರ್ತಿ ಎಂದೆ. ಹೌದು, ಆ ಪದವನ್ನೇ ಬಳಸಿದೆ, ಎಲ್ಲರೂ ಕೇಳುವಂತೆ ಬೊಬ್ಬೆ ಹಾಕಿ. ಬೆಳ್ತಂಗಡಿ ಅವಳ ಊರಿನ ಪೇಟೆ, ಅಲ್ಲಿಯ ಮಕ್ಕಳ ರಕ್ತದ ವರದಿಯಲ್ಲಿ ಆಟ ಆಡುತ್ತೀಯಾ ಎಂದೂ ಕೇಳಿದೆ. ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಬಿಡಲಿಲ್ಲ.

ಸದ್ದು ಕೇಳಿ ಸಾಹೇಬರು ಒಳಗಿನಿಂದ ಬಂದರು. ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಗಡ್ಡ ನೀವಿಕೊಂಡು, "ಆಸ್ಪತ್ರೆಯ ಕೆಲಸ ಇದು. ಇಂಥಾದ್ದು ನಡಿಯುವುದಿಲ್ಲ," ಎಂದರು. ಅವಳು ಹೊರಗೆ ಹೋದ ಮೇಲೆ ನನಗೆ ಹೇಳಿದರು, "ಖಾಯಂ ಮಾಡುವುದು ಬೇಡ. ಸೋಮವಾರ ಕಾಗದ ಕೊಡುವ. ಎಂತದಕ್ಕೆ ತೆಗೆದದ್ದು ಅಂತ ನೀವೇ ಬರೆಯಿರಿ ಮೇಡಂ."

"ಬರೀತೇನೆ ಸರ್," ಎಂದೆ. ನಮ್ಮ ಈ ಕಡೆ ಇಂಥ ಕೆಲಸ ಕೊಡುವ ಆಫೀಸುಗಳು ಬೆರಳೆಣಿಕೆಯಷ್ಟು. ಒಂದು ಕಡೆ ಸುಳ್ಳು ಹೇಳಿದಳೆಂದು ಹೆಸರು ಬಂದರೆ ಇನ್ನೊಂದು ಕಡೆ ಬಾಗಿಲು ತೆರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೀತೇನೆ ಎಂದೆ.

ಮರುದಿನ ಶನಿವಾರ ಅವಳು ಬರಲಿಲ್ಲ. ಅವಳ ಕುರ್ಚಿ ಮೇಜಿನಡಿಗೆ ನೀಟಾಗಿ ದೂಡಿಟ್ಟ ಹಾಗೆಯೇ ಇತ್ತು. ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಕಾಗದ ಬರೆಯಲು ಹೊರಟೆ, ಎರಡು ಸಾಲು ಬರೆದು ಅಳಿಸಿದೆ. ಕಾಗದ ಆಮೇಲೆ, ಮೊದಲು ಮಗುವಿನ ಇಶ್ಯೂ ಸರಿಯಾಗಲಿ ಎಂದು ಅದನ್ನು ಮತ್ತೆ ಓಪನ್ ಮಾಡಿ ಪ್ರೋಗ್ರಾಮರನ ಮೇಜಿಗೆ ಹೋದೆ. ಅವನು ನೋಡಿ ಹಣೆ ಚಚ್ಚಿಕೊಂಡ. ತಿದ್ದಿದ್ದು ಒಂದು ಕಡೆ, ವರದಿ ಪ್ರಿಂಟ್ ಆಗುವುದು ಇನ್ನೊಂದು ಕಡೆಯಿಂದ. ಐದೇ ನಿಮಿಷದಲ್ಲಿ ಸರಿ ಮಾಡಿ, "ಪರೀಕ್ಷೆ ಯಾರು ಮಾಡುವುದು ಈಗ?" ಎಂದ.

"ನಾನು ಮಾಡ್ತೇನೆ. ಅದರಲ್ಲಿ ಎಂತ ಉಂಟು?"

ಅವನು ಸಣ್ಣಗೆ ನಕ್ಕ. "ಮಾಡು, ಮಾಡು. ನೀನು ಒಮ್ಮೆ ಮಾಡಬೇಕು."

ಎಂಟು ತಿಂಗಳ ಒಂದು ಮಗುವನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿ, ಬೆಳ್ತಂಗಡಿಗೆ ಫೋನ್ ಮಾಡಿ ನಿಜವಾದ ಅಂಕಿ ಕೇಳಿ ತುಂಬಿಸಿ ನೋಡಿದೆ. ಎಂಟು ತಿಂಗಳು ಎಂದೇ ಬಂತು, ಮಿತಿಯೂ ಸರಿ. ಹತ್ತು ನಿಮಿಷದ ಕೆಲಸ. ಇನ್ನು ವೆರಿಫೈಡ್ ಎಂದು ಮುಂದೆ ತಳ್ಳಬೇಕು. ನನ್ನ ಲಾಗಿನ್ನಿಗೆ ಯಾವ ಖಾನೆಯೂ ಕಡ್ಡಾಯ ಇರಲಿಲ್ಲ, ಮಾಲಕಿಯ ಹಾಗೆ ನನಗೆ ನಾನೇ ವಿನಾಯಿತಿ ಕೊಟ್ಟುಕೊಂಡಿದ್ದೆ. ಆದರೆ ಪರೀಕ್ಷೆಯ ಲಾಗಿನ್ನಿನಿಂದಲೇ ದಾಖಲಾಗಲಿ ಎಂದು ಅವಳ ಕಂಪ್ಯೂಟರಿನ ಎದುರು ಕುಳಿತೆ.

ಫಾರ್ಮು ತೆರೆಯಿತು. ಕೆಂಪು ನಕ್ಷತ್ರಗಳು ಮೇಲಿನಿಂದ ಕೆಳಗಿನವರೆಗೆ. ಪರದೆಯ ಚಿತ್ರ ಹಿಡಿದು, ಪೇಂಟ್ ಎಂಬ ಪ್ರೋಗ್ರಾಮಿನಲ್ಲಿ ಅಂಟಿಸಿ, ಸೇವ್ ಮಾಡಿ, ಮತ್ತೆ ಫಾರ್ಮಿಗೆ ಬಂದು ಲಗತ್ತಿಸಿದೆ. ಬದಲಾಯಿಸಿದ ಫೈಲು ಯಾವುದೆಂದು ಪ್ರೋಗ್ರಾಮರನ್ನು ಕೇಳಿ ಬರೆದೆ. ಗ್ರಾಹಕರ ವಿಂಡೋಸ್ ಯಾವುದೆಂದು ಬೆಳ್ತಂಗಡಿಗೆ ಮತ್ತೆ ಫೋನ್ ಮಾಡಿದೆ. ಎಂಟನೆಯ ಖಾನೆಯಲ್ಲಿದ್ದಾಗ ಕರೆಂಟ್ ಹೋಯಿತು. ಅವಳ ಮೇಜಿನ ಯುಪಿಎಸ್ ಒಮ್ಮೆ ಕಿರುಚಿ ಸತ್ತಿತು. ಪರದೆ ಕಪ್ಪಾಯಿತು.

"ಅಯ್ಯೋ ದೇವರೇ!" ಎಂದೆ.

"ಆ ಯುಪಿಎಸ್ ಹೋಗಿ ಮೂರು ತಿಂಗಳಾಯ್ತು," ಎಂದ ಪ್ರೋಗ್ರಾಮರ್, ತಲೆ ಎತ್ತದೆ. "ಅವಳು ಹೇಳಿದ್ದಳು. ನೀನು ಒಂದು ಇಶ್ಯೂ ಹಾಕು ಅಂದೆ."

ಕರೆಂಟ್ ಬಂತು. ಮೊದಲಿನಿಂದ ಶುರು ಮಾಡಿದೆ. ಈ ಸಲ ಹತ್ತು ಖಾನೆ ಮುಗಿಸಿ ಒತ್ತಿದರೆ, ಒಂದು ಖಾಲಿ ಉಂಟು ಎಂದು ಫಾರ್ಮು ಹಿಂದೆ ಬಂತು, ಲಗತ್ತಿಸಿದ ಚಿತ್ರವನ್ನು ಮರೆತುಬಿಟ್ಟು. ಮತ್ತೆ ಚಿತ್ರ. ಒತ್ತುವಷ್ಟರಲ್ಲಿ ಮತ್ತೆ ಕರೆಂಟ್ ಹೋಯಿತು. ನಾನು ಮೇಜಿಗೆ ಗುದ್ದಿದೆ. ಯಾರ ಮೇಲಿನ ಸಿಟ್ಟು ಎಂದು ಹೇಳಲು ಆ ಹೊತ್ತಿಗೆ ನನಗೆ ಧೈರ್ಯ ಇರಲಿಲ್ಲ.

ಮೂರನೆಯ ಸಲ ಗಡಿಯಾರ ನೋಡುತ್ತಾ ತುಂಬಿಸಿದೆ. ನನ್ನ ಮೂಡುಬಿದಿರೆ ಬಸ್ಸಿಗೆ ಕಾಲು ಗಂಟೆ. ಕಾರಣ ಎಂಬಲ್ಲಿ ಕೈ ತಾನಾಗಿ ಪಟ್ಟಿಯ ಮೊದಲನೆಯದನ್ನು ಒತ್ತಿತು. 'ಬೇರೆ ಎಲ್ಲಿ ನೋಡಿದ್ದೀರಿ' ಎಂಬಲ್ಲಿ ಒಂದು ಚುಕ್ಕಿ ಇಟ್ಟೆ. ಬರೇ ಒಂದು ಚುಕ್ಕಿ. ಫಾರ್ಮು ಖುಷಿಯಿಂದ ಒಪ್ಪಿಕೊಂಡು ಮುಂದೆ ಬಿಟ್ಟಿತು. ಅದಕ್ಕೆ ಬೇಕಾದದ್ದು ಖಾಲಿ ಇರಬಾರದು ಎಂಬುದು ಮಾತ್ರ.

ವೆರಿಫೈಡ್ ಆಯಿತು. ನಾನು ಅಲ್ಲಿಯೇ ಕುಳಿತಿದ್ದೆ. ನನ್ನ ಚುಕ್ಕಿಯನ್ನು ನಾನೇ ನೋಡುತ್ತಾ ಕುಳಿತೆ. ನಾಚಿಕೆ ಎಂದರೆ ಅದು, ಮೈಯೆಲ್ಲ ಬಿಸಿಯಾಗುವಂಥದ್ದು.

ಬಸ್ಸು ಹೋಗಲಿ ಎಂದು ಪುಟವನ್ನು ಕೆಳಗೆ ಸರಿಸಿದೆ. ಹನ್ನೊಂದು ಖಾನೆ ದಾಟಿ, ಯಾರು ಯಾವಾಗ ಏನು ಬದಲಾಯಿಸಿದರು ಎಂಬ ಉದ್ದ ಪಟ್ಟಿ ದಾಟಿ, ತಳದಲ್ಲಿ 'ಟಿಪ್ಪಣಿ' ಎಂಬ ಪೆಟ್ಟಿಗೆ ಇತ್ತು. ಅದಕ್ಕೆ ನಕ್ಷತ್ರ ಇರಲಿಲ್ಲ. ನಾನು ಪ್ರಿಂಟ್ ಮಾಡುತ್ತಿದ್ದ ಪಟ್ಟಿಯಲ್ಲಿ ಅದು ಬರುತ್ತಿರಲಿಲ್ಲ, ಕಡ್ಡಾಯ ಖಾನೆಗಳು ಮಾತ್ರ ಬರುತ್ತಿದ್ದವು. ಇಷ್ಟು ತಿಂಗಳಲ್ಲಿ ಅಷ್ಟು ಕೆಳಗೆ ನಾನು ಇಳಿದೇ ಇರಲಿಲ್ಲ. ಅಲ್ಲಿ ಅವಳು ಬರೆದಿದ್ದಳು:

'ಒಂದು ವರ್ಷದ ಒಳಗಿನ ಮಗುವಿನ ದಾಖಲೆ ನಮ್ಮಲ್ಲಿ ಇಲ್ಲ. ಹಾಗಾಗಿ ತಿಂಗಳು ಹಾಕಿ ನೋಡಲಿಕ್ಕೆ ಆಗಲಿಲ್ಲ. ಬೆಳ್ತಂಗಡಿಯಿಂದ ಕೇಳಿ ತರಿಸಬೇಕು. ಹಿಂದೆ ಕಳಿಸಲಿಕ್ಕೆ ಒಪ್ಪಿಗೆ ಸಿಗಲಿಲ್ಲ. ಏಳು ದಿನ ಆಯಿತು. ಚಿತ್ರ ಹಳೆಯದು. ದಯವಿಟ್ಟು ಕ್ಲೋಸ್ ಮಾಡುವ ಮೊದಲು ನೋಡಿ ಮೇಡಂ.'

ಮೇಡಂ ನೋಡಿರಲಿಲ್ಲ. ಮೇಡಂ ಕ್ಲೋಸ್ ಮಾಡಿದ್ದರು.

ಹನ್ನೊಂದು ನಲವತ್ತೆರಡರ ಉಳಿದ ಇಶ್ಯೂಗಳನ್ನೂ ತೆರೆದೆ. ಪ್ರತಿಯೊಂದರ ತಳದಲ್ಲೂ ಎರಡು ಸಾಲು ಇತ್ತು. 'ಚಿತ್ರ ಹಳೆಯದು, ಕರೆಂಟ್ ಹೋಗಿ ಎರಡು ಸಲ ಹಾಳಾಯಿತು, ಆದರೆ ಪರೀಕ್ಷೆ ಮಾಡಿದ್ದೇನೆ, ಸರಿ ಉಂಟು.' 'ಕಾಗುಣಿತ ಸರಿಯಾಗಿದೆ, ಪ್ರಿಂಟರ್ ಯಾವುದೆಂದು ಗೊತ್ತಿಲ್ಲ, ಸುಮ್ಮನೆ ಹಾಕಿದ್ದು.' 'ಇದು ಗ್ರಾಹಕರ ತಪ್ಪಲ್ಲ, ನಮ್ಮದೇ.' ನಾನು ಕೇಳಿದ ಜಾಗದಲ್ಲೆಲ್ಲ ಹೇಗೋ ತುಂಬಿಸಿ, ಕೇಳದ ಜಾಗದಲ್ಲಿ ನಿಜವನ್ನೆಲ್ಲ ಬರೆದಿಟ್ಟಿದ್ದಳು. ಅವಳನ್ನೇ ನಾನು ಸುಳ್ಳುಗಾರ್ತಿ ಎಂದದ್ದು. ನನಗೆ ಅಳು ಬಂತು, ಅದನ್ನು ಮುಚ್ಚಿಡಲು ಮೂಗು ಒರೆಸಿಕೊಂಡೆ. ಪ್ರೋಗ್ರಾಮರ್ ಜಾಣ, ನೋಡದ ಹಾಗೆ ನಟಿಸಿದ.

ಸಾಹೇಬರು ಸಂಜೆಯ ಅಸರ್ ನಮಾಜು ಮುಗಿಸಿ ಬರುವುದನ್ನೇ ಕಾದು ಎಲ್ಲ ತೋರಿಸಿದೆ. ಅವರು ತಳದ ಸಾಲುಗಳನ್ನು ನಿಧಾನ ಓದಿದರು.

"ಈ ಕಾಯಿದೆ ಎಲ್ಲ ನೀವೇ ಮಾಡಿದ್ದಲ್ವಾ ಮೇಡಂ?"

"ಹೌದು ಸರ್."

"ನಾನು ಸಹ ಹೊಗಳಿದ್ದೆ," ಎಂದು ಅವರು ನಿಟ್ಟುಸಿರು ಬಿಟ್ಟರು. "ಕಾಗದ ಬೇಡ. ಅವಳಿಗೆ ಫೋನ್ ಮಾಡಿ."

ಅವಳ ಮನೆಯಲ್ಲಿ ಫೋನ್ ಇರಲಿಲ್ಲ. ಇದ್ದಿದ್ದರೂ ಫೋನಿನಲ್ಲಿ ಮುಗಿಸುವ ಮಾತು ಅದಲ್ಲ. ಭಾನುವಾರ ಬೆಳಿಗ್ಗೆ ವೇಣೂರು ದಾರಿಯ ಬಸ್ಸು ಹತ್ತಿ, ಗುರುವಾಯನಕೆರೆಯಲ್ಲಿ ಇಳಿದು, ಬೇರೆ ಬಸ್ಸು ಹಿಡಿದು ಮುಂಡಾಜೆಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಮನಸ್ಸಿನಲ್ಲಿ ಕಟ್ಟುತ್ತಿದ್ದೆ, ಕೆಡಹುತ್ತಿದ್ದೆ. ನಡುವೆ ಒಂದು ಉಪಾಯ ಹೊಳೆಯಿತು, ಹೊಳೆದ ಕೂಡಲೇ ಸ್ವಲ್ಪ ಸಮಾಧಾನವೂ ಆಯಿತು.

ರಸ್ತೆ ಬದಿಯ ಮನೆ. ಜಗಲಿಯಲ್ಲಿ ಕುಳಿತು ಅವಳು ನೆರೆಮನೆಯ ಅಜ್ಜಿಯೊಬ್ಬರಿಗೆ ರೇಷನ್ ಕಾರ್ಡಿನ ಅರ್ಜಿ ತುಂಬಿಸಿಕೊಡುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಅವಳ ಅಮ್ಮ ಬೆಲ್ಲ, ನೀರು ತಂದಿಟ್ಟು ಒಳಗೆ ಹೋದರು. ಅವರಿಗೆ ವಿಷಯ ಗೊತ್ತಿತ್ತೆಂದು ಅವರು ನನ್ನ ಮುಖ ನೋಡದೆ ಹೋದದ್ದರಲ್ಲೇ ತಿಳಿಯಿತು.

"ತಪ್ಪಾಯ್ತು ನನ್ನಿಂದ," ಎಂದೆ. ಕಟ್ಟಿಕೊಂಡು ಹೋಗಿದ್ದ ಉಳಿದ ಮಾತೆಲ್ಲ ಎಲ್ಲಿಗೆ ಹೋಯಿತೋ. "ನೀನು ಬರೆದದ್ದನ್ನು ನಿನ್ನೆಯೇ ನೋಡಿದ್ದು ನಾನು. ಸುಳ್ಳುಗಾರ್ತಿ ಅಂತ ಹೇಳಬಾರದಿತ್ತು."

ಅವಳು ಅರ್ಜಿಯ ಕಾಗದವನ್ನು ಮಡಿಸುತ್ತಾ, ಬಿಡಿಸುತ್ತಾ ಇದ್ದಳು. "ನೀವು ಕೇಳಿದ್ದು ಚಿತ್ರ ಮೇಡಂ. ಚಿತ್ರ ಕೊಟ್ಟೆ. ಸರಿಯಾಯ್ತಾ ಅಂತ ಒಮ್ಮೆ ಬಾಯಿಬಿಟ್ಟು ಕೇಳಿದ್ದರೆ ಇಲ್ಲ ಅಂತಲೇ ಹೇಳ್ತಿದ್ದೆ," ಎಂದಳು. "ಆದ್ರೆ ಬೆಳ್ತಂಗಡಿಯದ್ದನ್ನು ಮುಂದೆ ಕಳಿಸಬಾರದಿತ್ತು ನಾನು. ಗೋಡೆಯ ಪಟ್ಟಿಯಲ್ಲಿ ನನ್ನ ಹೆಸರು ನೋಡಿ ನೋಡಿ ಸಾಕಾಗಿತ್ತು. ಐದು ಗಂಟೆಯ ಬಸ್ಸು ತಪ್ಪಿದ್ರೆ ಮನೆಗೆ ಮುಟ್ಟುವಾಗ ಅಮ್ಮ ರಸ್ತೆಗೆ ಬಂದು ನಿಂತಿರ್ತಾರೆ."

"ಸಾಹೇಬರು ಖಾಯಂ ಮಾಡ್ತಾರೆ. ಬರ್ತೀಯಲ್ಲ ನಾಳೆ?"

ಅವಳು ಅರ್ಜಿಯನ್ನು ಅಜ್ಜಿಯ ಕೈಗೆ ಕೊಟ್ಟಳು. ಆಗ ನಾನು ಬಸ್ಸಿನಲ್ಲಿ ಹೊಳೆದ ಉಪಾಯವನ್ನು ಹೊರತೆಗೆದೆ. "ನೋಡು, ಇನ್ನು ಮುಂದೆ ಆ ಟಿಪ್ಪಣಿಯನ್ನು ಯಾರೂ ನೋಡದೆ ಬಿಡುವ ಹಾಗಿಲ್ಲ. ನಾಳೆ ಹೋದ ಕೂಡಲೇ ಅದಕ್ಕೂ ನಕ್ಷತ್ರ ಹಾಕ್ತೇನೆ. ಎಲ್ಲರೂ ಬರೆಯಲೇಬೇಕು."

ಅವಳು ಮೊದಲ ಸಲ ನನ್ನನ್ನು ನೇರ ನೋಡಿದಳು. ಆಮೇಲೆ ನಕ್ಕುಬಿಟ್ಟಳು. "ಬೇಡ ಮೇಡಂ, ದಮ್ಮಯ್ಯ! ಅದಕ್ಕೂ ನಕ್ಷತ್ರ ಹಾಕಿದ್ರೆ ನಾನು ಅಲ್ಲಿಯೂ ಒಂದು ಚುಕ್ಕಿ ಇಡ್ತೇನೆ."

ನನ್ನ ಚುಕ್ಕಿಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಿದೆ. ಅಜ್ಜಿಗೆ ಅರ್ಥವಾಗದಿದ್ದರೂ ಅವರೂ ನಮ್ಮ ಜೊತೆ ನಕ್ಕರು.

ಸೋಮವಾರ ನಾನು ಬೇಗ ಹೋಗಿ ಒಂಬತ್ತು ನಕ್ಷತ್ರ ತೆಗೆದೆ. ಎರಡು ಉಳಿದವು, ಮೊದಲಿದ್ದವೇ. ಕಾಗುಣಿತದಂಥ ಸಣ್ಣ ಕೆಲಸಕ್ಕೆ ಚಿತ್ರವೂ ಬೇಡ ಎಂದು ಮಾಡಿದೆ. ಹಿಂದಕ್ಕೆ ಕಳಿಸಲು ಯಾರ ಒಪ್ಪಿಗೆಯೂ ಬೇಡ, 'ನೋಡಲಿಕ್ಕೆ ಆಗಲಿಲ್ಲ' ಎನ್ನುವುದೂ ಒಂದು ಉತ್ತರ ಎಂದು ಪಟ್ಟಿಗೆ ಸೇರಿಸಿದೆ. ಗೋಡೆಯ ಕೆಂಪು ಕಾಗದವನ್ನು ಹರಿದೆ. ನಾನೇ ಪರೀಕ್ಷೆ ಮಾಡಿದ್ದ ಮಗುವಿನ ಇಶ್ಯೂವನ್ನು ಕ್ಲೋಸ್ ಮಾಡಿ, ಸಿಡಿಯನ್ನು ಕವರಿಗೆ ಹಾಕಿ, ಬೆಳ್ತಂಗಡಿ ಮಾರ್ಗವಾಗಿ ಧರ್ಮಸ್ಥಳಕ್ಕೆ ಹೋಗುವ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟು, ಟೆಕ್ನಿಷಿಯನ್ನಿಗೆ ಫೋನ್ ಮಾಡಿದೆ. ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷ ಇತ್ತು. ಮೇಲೆ ಬರುವಾಗ ಅವಳ ಕುರ್ಚಿಯಲ್ಲಿ ಅವಳು ಕುಳಿತಿದ್ದಳು. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಚಹಾ ಕುಡಿಯುವ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಪರದೆಯಲ್ಲಿ ಒಂದು ಮೇಲ್ ಬಂತು. ಮಗುವಿನ ಇಶ್ಯೂ ಮತ್ತೆ ಓಪನ್ ಆಗಿತ್ತು, ಯಾರ ಒಪ್ಪಿಗೆಯೂ ಇಲ್ಲದೆ. ತಳಕ್ಕೆ ಇಳಿದು ಓದಿದೆ.

'ಮೇಡಂ, ಶನಿವಾರ ನೀವು ನೋಡಿದ್ದು ಹೊಸ ವರದಿ ಮಾತ್ರ. ಹಳೆಯ ವರದಿಯನ್ನು ಪುನಃ ಪ್ರಿಂಟ್ ಮಾಡಿದರೆ ಈಗಲೂ ವರ್ಷ ಅಂತಲೇ ಬರ್ತದೆ. ಬೇರೆ ಎಲ್ಲಿ ನೋಡಿದ್ದೀರಿ ಎಂಬಲ್ಲಿ ಚುಕ್ಕಿ ಉಂಟು.'

ನಾನು ತಲೆ ಎತ್ತಿದೆ. ಅವಳು ಎದುರಿನಿಂದ ನನ್ನನ್ನೇ ನೋಡುತ್ತಿದ್ದಳು, ಈಗ ಬೈಯುತ್ತಾರೋ ಏನೋ ಎಂಬ ಮುಖ. ಬೈಯಲು ಪುರುಸೊತ್ತು ಎಲ್ಲಿತ್ತು? ಚಪ್ಪಲಿ ಸಿಕ್ಕಿಸಿಕೊಂಡು ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಓಡಿದೆ. ಬಸ್ಸು ಸ್ಟಾರ್ಟ್ ಆಗಿ ನಿಧಾನ ಸರಿಯುತ್ತಿತ್ತು. "ಕಂಡಕ್ಟರ್ರೇ, ನಿಲ್ಲಿಸಿ, ನಿಲ್ಲಿಸಿ! ಆ ಕವರ್ ವಾಪಸ್ ಕೊಡಿ!" ಎಂದು ಬಾಗಿಲಿಗೆ ಬಡಿದೆ.

"ಎಂತ ಮೇಡಂ, ಅಡ್ರೆಸ್ ತಪ್ಪಾ?" ಎಂದು ಅವರು ಕವರ್ ಚಾಚಿದರು.

"ಅಡ್ರೆಸ್ ಸರಿ ಉಂಟು," ಎಂದೆ ಏದುಸಿರು ಬಿಡುತ್ತಾ. "ಕೆಲಸ ಆಗ್ಲಿಲ್ಲ."